ಫೋನಿಗೆ ಈಥರ್ನೆಟ್ ತಂತಿ ಸಿಕ್ಕಿಸಿದರೆ ವೇಗ ಏಕೆ ಕೆಲವೊಮ್ಮೆ ಇಳಿಯುತ್ತದೆ?

2024ರ ಡಿಸೆಂಬರ್ 28ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನುಗಳಿಗೆ ಯುಎಸ್‌ಬಿ-ಸಿ ಚಾರ್ಜಿಂಗ್ ಪೋರ್ಟು ಕಡ್ಡಾಯವಾಯಿತು. ಆ್ಯಪಲ್ ಕಂಪನಿ ಅದಕ್ಕೂ ಮುಂಚೆಯೇ, 2023ರ ಐಫೋನ್ 15ರಲ್ಲಿ, ತನ್ನ ಹಳೆಯ ಲೈಟ್ನಿಂಗ್ ಪೋರ್ಟನ್ನು ಬಿಟ್ಟು ಇದಕ್ಕೆ ಬಂದಿತ್ತು. ಹೀಗಾಗಿ ಲ್ಯಾಪ್‌ಟಾಪಿಗೆಂದು ಕೊಂಡ ಯುಎಸ್‌ಬಿ-ಸಿ ಈಥರ್ನೆಟ್ ಅಡಾಪ್ಟರ್ ಈಗ ಬಹುತೇಕ ಎಲ್ಲ ಹೊಸ ಫೋನುಗಳಿಗೂ ಸಲೀಸಾಗಿ ಕೂರುತ್ತದೆ. ರೂಟರಿನಿಂದ ಬರುವ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಫೋನು ವೈಫೈ ಇಲ್ಲದೆಯೂ ಇಂಟರ್ನೆಟ್ಟಿಗೆ ಹೋಗುತ್ತದೆ.

ಗೊಂದಲ ಶುರುವಾಗುವುದು ಇದಾದ ಮೇಲೆ. ಒಬ್ಬರ ಫೋನಿನಲ್ಲಿ ಸ್ಪೀಡ್ ಟೆಸ್ಟ್ 940 ಎಂಬಿಪಿಎಸ್ ತೋರಿಸಿದರೆ, ಅದೇ ಅಡಾಪ್ಟರ್, ಅದೇ ರೂಟರ್, ಅದೇ ತಂತಿ ಇಟ್ಟುಕೊಂಡು ಇನ್ನೊಬ್ಬರ ಫೋನು 300 ದಾಟುವುದಿಲ್ಲ. ಮೂರನೆಯವರ ಫೋನಿಗೆ ಅಡಾಪ್ಟರ್ ಇರುವುದೇ ತಿಳಿಯುವುದಿಲ್ಲ. ತಂತಿ ಹಾಕಿದ ಮೇಲೆ ವೈಫೈಗಿಂತ ವೇಗ ಕಡಿಮೆಯಾಯಿತು ಎಂದು ದೂರುವವರು ಸುಳ್ಳು ಹೇಳುತ್ತಿಲ್ಲ. ಆಟದಲ್ಲಿ ತಡೆ ಬರುವುದು ನಿಂತಿತು ಎನ್ನುವವರ ಮಾತೂ ನಿಜವೇ. ಎರಡೂ ಒಟ್ಟಿಗೆ ನಿಜವಾಗಲು ಏನು ಕಾರಣ ಎಂಬುದನ್ನು ಬಿಡಿಸಿ ನೋಡಬೇಕು.

## ಕಾನೂನು ಒಂದು ಮಾಡಿದ್ದು ಆಕಾರವನ್ನು, ವೇಗವನ್ನಲ್ಲ

ಯುಎಸ್‌ಬಿ-ಸಿ ಎಂಬುದು ಕನೆಕ್ಟರಿನ ಆಕಾರದ ಹೆಸರು. ಆ ಕನೆಕ್ಟರಿನ ಮೂಲಕ ದತ್ತಾಂಶ ಎಷ್ಟು ವೇಗದಲ್ಲಿ ಹರಿಯಬೇಕು ಎಂಬುದನ್ನು ಅದರ ಹಿಂದಿರುವ ಯುಎಸ್‌ಬಿ ತಲೆಮಾರು ತೀರ್ಮಾನಿಸುತ್ತದೆ. ಯುರೋಪಿನ ಕಾನೂನು ಚಾರ್ಜಿಂಗಿಗೆ ಸಂಬಂಧಪಟ್ಟದ್ದು. ಯುಎಸ್‌ಬಿ 2 ಸಾಕೋ, ಯುಎಸ್‌ಬಿ 3 ಬೇಕೋ ಎಂಬ ಆಯ್ಕೆಯನ್ನು ಅದು ತಯಾರಕರಿಗೇ ಬಿಟ್ಟಿದೆ.

ಇದರ ಪರಿಣಾಮ ಒಂದೇ ಕಂಪನಿಯ ಒಂದೇ ವರ್ಷದ ಫೋನುಗಳಲ್ಲಿ ಕಾಣುತ್ತದೆ. ಐಫೋನ್ 15 ಮತ್ತು 15 ಪ್ಲಸ್‌ನ ಪೋರ್ಟು ಯುಎಸ್‌ಬಿ 2, ಅಂದರೆ 480 ಎಂಬಿಪಿಎಸ್. ಅದೇ ದಿನ ಬಿಡುಗಡೆಯಾದ 15 ಪ್ರೊ ಮತ್ತು ಪ್ರೊ ಮ್ಯಾಕ್ಸ್‌ನ ಪೋರ್ಟು ಯುಎಸ್‌ಬಿ 3, 10 ಜಿಬಿಪಿಎಸ್ ವರೆಗೆ. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ. ಆಂಡ್ರಾಯ್ಡ್‌ನಲ್ಲೂ ಇದೇ ಕಥೆ: ದುಬಾರಿ ಮಾದರಿಗಳಲ್ಲಿ ಸಾಮಾನ್ಯವಾಗಿ ಯುಎಸ್‌ಬಿ 3 ಇರುತ್ತದೆ, ಮಧ್ಯಮ ಮತ್ತು ಕೆಳಗಿನ ದರ್ಜೆಯ ಬಹುಪಾಲು ಫೋನುಗಳಲ್ಲಿ ಯುಎಸ್‌ಬಿ 2. ತಯಾರಕರ ವಿವರಪಟ್ಟಿಯಲ್ಲಿ "ಯುಎಸ್‌ಬಿ-ಸಿ" ಎಂದಷ್ಟೇ ಬರೆದು ಸಂಖ್ಯೆ ಕೊಡದೆ ಬಿಟ್ಟಿದ್ದರೆ ಅದನ್ನು ಯುಎಸ್‌ಬಿ 2 ಎಂದೇ ಭಾವಿಸುವುದು ಕ್ಷೇಮ. ಹೆಚ್ಚಿನ ವೇಗ ಕೊಟ್ಟವರು ಅದನ್ನು ಬರೆಯದೆ ಬಿಡುವುದಿಲ್ಲ.

ಅಡಾಪ್ಟರಿನ ಡಬ್ಬಿಯ ಮೇಲೆ "ಗಿಗಾಬಿಟ್" ಎಂದು ಇರುವುದು ಅಡಾಪ್ಟರಿನ ತಂತಿ ಬದಿಯ ವೇಗ. ಫೋನಿನ ಬದಿಯ ದಾರಿ ಕಿರಿದಾಗಿದ್ದರೆ ಡಬ್ಬಿಯ ಮೇಲಿನ ಅಕ್ಷರದಿಂದ ಅದು ಅಗಲವಾಗುವುದಿಲ್ಲ.

## 480 ಎಂಬುದು 300 ಆಗುವ ಬಗೆ

ಯುಎಸ್‌ಬಿ 2 ಕಾಲವನ್ನು 125 ಮೈಕ್ರೊಸೆಕೆಂಡಿನ ತುಣುಕುಗಳಾಗಿ ಕತ್ತರಿಸಿಕೊಂಡು ಕೆಲಸ ಮಾಡುತ್ತದೆ. ಸೆಕೆಂಡಿಗೆ ಅಂಥ 8,000 ತುಣುಕುಗಳು. ಒಂದು ತುಣುಕಿನಲ್ಲಿ 512 ಬೈಟಿನ ಪ್ಯಾಕೆಟ್ಟುಗಳು ಹೆಚ್ಚೆಂದರೆ 13 ಹಿಡಿಸುತ್ತವೆ. ಗುಣಿಸಿದರೆ ತುಣುಕಿಗೆ 6,656 ಬೈಟು, ಸೆಕೆಂಡಿಗೆ ಸುಮಾರು 53 ಮೆಗಾಬೈಟು, ಅಂದರೆ 426 ಎಂಬಿಪಿಎಸ್. 480ರಲ್ಲಿ ಉಳಿದದ್ದು ಪ್ಯಾಕೆಟ್ಟಿನ ತಲೆಬರಹ, ಸ್ವೀಕೃತಿ ಮತ್ತು ನಡುವಿನ ಬಿಡುವುಗಳಿಗೆ ಹೋಗುತ್ತದೆ.

ಈ 426 ಕೂಡ ಕಾಗದದ ಮೇಲಿನ ಗರಿಷ್ಠ. ಫೋನಿನ ಯುಎಸ್‌ಬಿ ನಿಯಂತ್ರಕ ಪ್ರತಿ ತುಣುಕನ್ನೂ ತುಂಬಿ ಕಳಿಸುವುದಿಲ್ಲ, ಈಥರ್ನೆಟ್ ಚಿಪ್ಪು ತನ್ನದೇ ಒಂದಷ್ಟು ಬೈಟುಗಳನ್ನು ಸೇರಿಸುತ್ತದೆ, ಮೇಲೆ ಇಂಟರ್ನೆಟ್ಟಿನ ಪ್ರೊಟೊಕಾಲ್‌ಗಳ ಪಾಲು ಬೇರೆ. ಕೊನೆಗೆ ಸ್ಪೀಡ್ ಟೆಸ್ಟಿನಲ್ಲಿ ಕಾಣುವುದು ಬಹಳ ಸಲ 280ರಿಂದ 350ರ ಒಳಗೆ. ಇನ್ನೊಂದು ಮಿತಿಯೂ ಇದೆ: ಯುಎಸ್‌ಬಿ 2ರಲ್ಲಿ ಹೋಗುವುದೂ ಬರುವುದೂ ಒಂದೇ ಜೋಡಿ ತಂತಿಯಲ್ಲಿ, ಸರದಿಯ ಮೇಲೆ. ಫೋನು ದೊಡ್ಡ ವಿಡಿಯೊವನ್ನು ಅಪ್‌ಲೋಡ್ ಮಾಡುತ್ತಿರುವಾಗ ಡೌನ್‌ಲೋಡಿನ ಪಾಲು ಕುಗ್ಗುತ್ತದೆ.

ಯುಎಸ್‌ಬಿ 3ರಲ್ಲಿ ಕನಿಷ್ಠ 5 ಜಿಬಿಪಿಎಸ್ ದಾರಿ ಇರುವುದರಿಂದ ಅಡ್ಡಿ ಅಲ್ಲಿಲ್ಲ. ಅಲ್ಲಿ ಮಿತಿ ಹಾಕುವುದು ಗಿಗಾಬಿಟ್ ಈಥರ್ನೆಟ್ಟೇ. 1,000ದಲ್ಲಿ ಚೌಕಟ್ಟಿನ ಖರ್ಚು ಕಳೆದು ಬಳಕೆದಾರನಿಗೆ ದಕ್ಕುವುದು ಸುಮಾರು 940. ಹಳೆಯ 100 ಎಂಬಿಪಿಎಸ್ ಅಡಾಪ್ಟರಿನಲ್ಲಿ ಅದೇ ಲೆಕ್ಕದಲ್ಲಿ 94 ಸಿಗುತ್ತದೆ. ಹಾಗಾಗಿ ಟೆಸ್ಟಿನ ಸಂಖ್ಯೆ ನೋಡಿದರೇ ಕುತ್ತಿಗೆ ಎಲ್ಲಿ ಕಿರಿದಾಗಿದೆ ಎಂದು ಊಹಿಸಬಹುದು. 94ರ ಹತ್ತಿರ ನಿಂತರೆ ಅಡಾಪ್ಟರ್ 100ರದ್ದು, ಇಲ್ಲವೇ ಈಥರ್ನೆಟ್ ತಂತಿಯೊಳಗಿನ ನಾಲ್ಕು ಜೋಡಿಗಳಲ್ಲಿ ಯಾವುದೋ ಒಂದು ಕೆಟ್ಟಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. 300ರ ಆಸುಪಾಸಿನಲ್ಲಿ ನಿಂತರೆ ಯುಎಸ್‌ಬಿ 2.

ಇಲ್ಲೊಂದು ಬಲೆ ಇದೆ. ಫೋನು ಯುಎಸ್‌ಬಿ 3, ಅಡಾಪ್ಟರೂ ಯುಎಸ್‌ಬಿ 3, ಆದರೂ 300 ಬರುತ್ತಿದ್ದರೆ ನಡುವಿನ ತಂತಿಯನ್ನು ನೋಡಿ. ಚಾರ್ಜರ್ ಜೊತೆ ಬರುವ ಯುಎಸ್‌ಬಿ-ಸಿ ಕೇಬಲ್ಲುಗಳಲ್ಲಿ ಬಹುಪಾಲು ಯುಎಸ್‌ಬಿ 2ರವು, ವೇಗದ ಜೋಡಿಗಳೇ ಅವುಗಳಲ್ಲಿ ಇರುವುದಿಲ್ಲ. ತಂತಿಯನ್ನು ಬಿಡಿಸಿ ತೆಗೆಯಬಹುದಾದ ಅಡಾಪ್ಟರಿಗೆ ಅಂಥ ಕೇಬಲ್ ಹಾಕಿದರೆ ಎರಡೂ ತುದಿಗಳು ಸದ್ದಿಲ್ಲದೆ ಯುಎಸ್‌ಬಿ 2ಕ್ಕೆ ಇಳಿಯುತ್ತವೆ. ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ.

## ಹಾಗಾದರೆ ತಂತಿಯಿಂದ ಲಾಭವೇನು?

ವೈಫೈ ಪಕ್ಷದವರ ವಾದ ಗಟ್ಟಿಯಾಗಿಯೇ ಇದೆ. ವೈಫೈ 6 ಇರುವ ಫೋನು 80 ಮೆಗಾಹರ್ಟ್ಸ್ ಚಾನೆಲ್ಲಿನಲ್ಲಿ ಎರಡು ಆಂಟೆನಾ ಬಳಸಿದರೆ ಕೊಂಡಿಯ ವೇಗ 1,201 ಎಂಬಿಪಿಎಸ್. ರೂಟರ್ ಇರುವ ಕೋಣೆಯಲ್ಲೇ ಕೂತರೆ ಅದರ ಅರ್ಧಕ್ಕಿಂತ ಹೆಚ್ಚು ಕೈಗೆ ಸಿಗುತ್ತದೆ. ಯುಎಸ್‌ಬಿ 2ರ ಫೋನಿಗೆ ತಂತಿ ಹಾಕುವುದೆಂದರೆ ಆ 600 ಬಿಟ್ಟು 300ಕ್ಕೆ ಬರುವುದು. ಬರಿಯ ವೇಗವೇ ಬೇಕಿದ್ದರೆ ಇಲ್ಲಿ ತಂತಿ ನಷ್ಟದ ಬಾಬತ್ತು.

ತಂತಿ ಪಕ್ಷದವರು ಅಳೆಯುವುದು ಬೇರೆಯದನ್ನು: ಒಂದು ಪ್ಯಾಕೆಟ್ಟು ಹೋಗಿ ಬರಲು ಹಿಡಿಯುವ ಸಮಯ ಮತ್ತು ಆ ಸಮಯದ ಏರಿಳಿತ. ವೈಫೈಯಲ್ಲಿ ಗಾಳಿ ಎಲ್ಲರದು. ಅದೇ ಚಾನೆಲ್ಲಿನಲ್ಲಿ ಇನ್ನೊಂದು ಸಾಧನ ಮಾತಾಡುತ್ತಿದ್ದರೆ ಫೋನು ಕಾಯಬೇಕು, ಪ್ಯಾಕೆಟ್ಟು ಕೆಟ್ಟರೆ ಮತ್ತೆ ಕಳಿಸಬೇಕು. ಇದರ ಜೊತೆಗೆ ಬ್ಯಾಟರಿ ಉಳಿಸಲು ಫೋನು ತನ್ನ ವೈಫೈ ರೇಡಿಯೊವನ್ನು ಮಲಗಿಸುತ್ತದೆ. ರೂಟರ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಬೀಕನ್ ಎಂಬ ಸೂಚನೆ ಕಳಿಸುತ್ತದೆ, ಮಲಗಿದ ರೇಡಿಯೊ ಆಗ ಎದ್ದು ತನಗೇನಾದರೂ ಬಂದಿದೆಯೇ ಎಂದು ನೋಡುತ್ತದೆ. ಅಲ್ಲಿಯವರೆಗೆ ಪ್ಯಾಕೆಟ್ಟು ರೂಟರಿನಲ್ಲೇ ಕಾಯುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಅದೇ ರೂಟರಿಗೆ ತಂತಿಯಲ್ಲಿ ಸೇರಿಸಿದ ಕಂಪ್ಯೂಟರಿನಿಂದ, ಪರದೆ ಬೆಳಗುತ್ತಿದ್ದರೂ ಸುಮ್ಮನೆ ಇಟ್ಟಿರುವ ಫೋನಿನ ಐಪಿ ವಿಳಾಸಕ್ಕೆ ಪಿಂಗ್ ಕಳಿಸಿ (ಇಲ್ಲಿರುವ ವಿಳಾಸದ ಜಾಗದಲ್ಲಿ ನಿಮ್ಮ ಫೋನಿನದನ್ನು ಹಾಕಿ):

```
ping 192.168.1.23
```

ಫೋನು ವೈಫೈಯಲ್ಲಿದ್ದರೆ ಉತ್ತರಗಳು ಒಂದು 5 ಮಿಲಿಸೆಕೆಂಡಿಗೆ, ಮುಂದಿನದು 60ಕ್ಕೆ, ಅದರ ಮುಂದಿನದು ನೂರರ ಮೇಲೆ, ಹೀಗೆ ಹಾರಾಡುವುದು ಸಾಮಾನ್ಯ. ತಂತಿ ಸಿಕ್ಕಿಸಿ, ಹೊಸ ಐಪಿ ವಿಳಾಸಕ್ಕೆ ಮತ್ತೆ ಪಿಂಗ್ ಕಳಿಸಿದರೆ ಸಾಲಿಗೆ ಸಾಲು ಒಂದೆರಡು ಮಿಲಿಸೆಕೆಂಡಿನಲ್ಲೇ ಉತ್ತರ ಬರುತ್ತದೆ. ಆಟ ಆಡುತ್ತಿರುವಾಗ ರೇಡಿಯೊ ಎಚ್ಚರವಾಗಿಯೇ ಇರುವುದರಿಂದ ವೈಫೈಯಲ್ಲೂ ಅಂಕಿ ಇಷ್ಟು ಕೆಡುವುದಿಲ್ಲ. ಆದರೆ ಗಾಳಿಯಲ್ಲಿ ಗದ್ದಲವಿರುವ ಕಡೆ ನಡುನಡುವೆ ಜಿಗಿತಗಳು ಬಂದೇ ಬರುತ್ತವೆ. ಆಟದಲ್ಲಿ ಕಾಟ ಕೊಡುವುದು ಸರಾಸರಿಯಲ್ಲ, ಈ ಜಿಗಿತ. ವಿಡಿಯೊ ಕರೆಯಲ್ಲಿ ದನಿ ತುಂಡಾಗುವುದೂ, ನೇರಪ್ರಸಾರದಲ್ಲಿ ಚಿತ್ರ ನಿಂತು ಹೋಗುವುದೂ ಹೆಚ್ಚಾಗಿ ಇದರಿಂದಲೇ.

ತಂತಿಯ ಪ್ರಭಾವ ರೂಟರಿನವರೆಗೆ ಮಾತ್ರ ಎಂಬುದನ್ನು ಮರೆಯಬಾರದು. ರೂಟರಿನಿಂದಾಚೆ ಇಂಟರ್ನೆಟ್ ಲೈನು ತುಂಬಿ ಪ್ಯಾಕೆಟ್ಟುಗಳು ಸಾಲು ಕಾಯುತ್ತಿದ್ದರೆ ಫೋನಿಗೆ ತಂತಿ ಹಾಕಿ ಪ್ರಯೋಜನವಿಲ್ಲ. ರೂಟರಿನ ಸ್ವಂತ ವಿಳಾಸಕ್ಕೆ ಪಿಂಗ್ ಸ್ಥಿರವಾಗಿದ್ದು ಹೊರಗಿನ ವಿಳಾಸಕ್ಕೆ ಮಾತ್ರ ಹಾರಾಡಿದರೆ ತೊಂದರೆ ಲೈನಿನದು, ವೈಫೈಯದಲ್ಲ.

ಒಂದು ಉದಾಹರಣೆಯ ಲೆಕ್ಕ ನೋಡೋಣ. ಸಂಪರ್ಕ 500 ಎಂಬಿಪಿಎಸ್‌ನದು, ಫೋನು ಯುಎಸ್‌ಬಿ 2ರದು, ಅಡಾಪ್ಟರ್ ಗಿಗಾಬಿಟ್. ರೂಟರ್ ಪಕ್ಕದಲ್ಲಿ ವೈಫೈ ಆ 500ನ್ನು ಪೂರ್ತಿ ಕೊಡಬಲ್ಲದು, ತಂತಿ 300 ಕೊಡುತ್ತದೆ. 10 ಗಿಗಾಬೈಟಿನ ಆಟವೊಂದನ್ನು ಇಳಿಸಿಕೊಳ್ಳಲು ವೈಫೈಗೆ 160 ಸೆಕೆಂಡು, ತಂತಿಗೆ ಸುಮಾರು 267 ಸೆಕೆಂಡು. ಇಳಿಸಿಕೊಂಡ ಮೇಲೆ ಆ ಆಟವನ್ನು ಆನ್‌ಲೈನಿನಲ್ಲಿ ಆಡಲು ಬೇಕಾಗುವುದು ಸಾಮಾನ್ಯವಾಗಿ 1 ಎಂಬಿಪಿಎಸ್‌ಗಿಂತ ಕಡಿಮೆ, ಆದರೆ ಅದು ತಡೆಯಿಲ್ಲದೆ ಬರಬೇಕು. ಇಳಿಸುವಾಗ ವೈಫೈ, ಆಡುವಾಗ ತಂತಿ ಎಂಬುದು ಇಂಥ ಫೋನಿಗೆ ಸರಿಯಾದ ಕ್ರಮ. ರೂಟರಿನಿಂದ ಎರಡು ಗೋಡೆ ಆಚೆ ವೈಫೈ 150ಕ್ಕೆ ಕುಸಿಯುವ ಕೋಣೆಯಲ್ಲಾದರೆ ಎರಡಕ್ಕೂ ತಂತಿಯೇ ಮೇಲು.

## ಸಿಕ್ಕಿಸಿದಾಗ ಒಳಗೆ ನಡೆಯುವುದು, ನಡೆಯದೆ ನಿಲ್ಲುವುದು

ಅಡಾಪ್ಟರಿನ ಕನೆಕ್ಟರಿನಲ್ಲಿ 5.1 ಕಿಲೊಓಮ್‌ನ ಒಂದು ರೆಸಿಸ್ಟರ್ ಇರುತ್ತದೆ. ಅದು ಕಂಡೊಡನೆ ಫೋನಿಗೆ ಎದುರಿಗಿರುವುದು ಚಾರ್ಜರ್ ಅಲ್ಲ, ವಿದ್ಯುತ್ ಬೇಡುವ ಸಾಧನ ಎಂದು ಗೊತ್ತಾಗಿ ತಾನು ಯಜಮಾನನ ಪಾತ್ರ ವಹಿಸಿ 5 ವೋಲ್ಟ್ ಹರಿಸುತ್ತದೆ. ಚಿಪ್ಪು ಎಚ್ಚರಗೊಂಡು ತನ್ನ ಗುರುತು ಹೇಳುತ್ತದೆ. ಆ ಗುರುತಿಗೆ ಹೊಂದುವ ಡ್ರೈವರ್ ಫೋನಿನೊಳಗೆ ಇದ್ದರೆ ಈಥರ್ನೆಟ್ ಕೊಂಡಿ ಹುಟ್ಟುತ್ತದೆ, ನಂತರ ರೂಟರ್ ಐಪಿ ವಿಳಾಸ ಕೊಡುತ್ತದೆ. ನಾಲ್ಕು ಮೆಟ್ಟಿಲು, ನಾಲ್ಕರಲ್ಲೂ ಎಡವಬಹುದು.

ಅಡಾಪ್ಟರಿನ ದೀಪವೇ ಹತ್ತದಿದ್ದರೆ ಮೊದಲು ಅನುಮಾನಿಸಬೇಕಾದ್ದು ವಿದ್ಯುತ್ತನ್ನು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಒಟಿಜಿ ಎಂಬ ಸ್ವಿಚ್ ಸೆಟ್ಟಿಂಗ್ಸಿನಲ್ಲಿ ಇರುತ್ತದೆ. ಅದನ್ನು ಆನ್ ಮಾಡದೆ ಫೋನು 5 ವೋಲ್ಟ್ ಕೊಡುವುದಿಲ್ಲ, ಮತ್ತು 10 ನಿಮಿಷ ಬಳಸದೆ ಬಿಟ್ಟರೆ ಅದು ತಾನಾಗಿ ಆಫ್ ಆಗುವ ಫೋನುಗಳೂ ಇವೆ. "ನಿನ್ನೆ ಕೆಲಸ ಮಾಡುತ್ತಿತ್ತು, ಇವತ್ತು ಇಲ್ಲ" ಎಂಬ ದೂರಿಗೆ ಬಹಳ ಸಲ ಇಷ್ಟೇ ಕಾರಣ.

ದೀಪ ಹತ್ತಿದರೂ ಸೆಟ್ಟಿಂಗ್ಸಿನಲ್ಲಿ ಈಥರ್ನೆಟ್ ಕಾಣದಿದ್ದರೆ ಅನುಮಾನ ಡ್ರೈವರಿನ ಮೇಲೆ. ಫೋನಿಗೆ ನಾವೇ ಡ್ರೈವರ್ ಹಾಕುವಂತಿಲ್ಲ, ತಯಾರಕರು ಕೊಟ್ಟಷ್ಟೇ. ಗಿಗಾಬಿಟ್ ಅಡಾಪ್ಟರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ RTL8153 ಮತ್ತು AX88179 ಚಿಪ್ಪುಗಳಿಗೆ ಲಿನಕ್ಸ್ ಕರ್ನೆಲ್ಲಿನಲ್ಲಿ ಬಹುಕಾಲದಿಂದ ಡ್ರೈವರ್ ಇದೆ, ಆಂಡ್ರಾಯ್ಡ್ ನಿಂತಿರುವುದು ಅದೇ ಕರ್ನೆಲ್ಲಿನ ಮೇಲೆ. ಹಾಗಾಗಿ ಕೊಳ್ಳುವಾಗ ಕಂಪನಿಯ ಹೆಸರಿಗಿಂತ ಚಿಪ್ಪಿನ ಹೆಸರು ಕೇಳುವುದು ಜಾಣತನ. 2.5 ಗಿಗಾಬಿಟ್‌ನ RTL8156ಕ್ಕೆ ಬೆಂಬಲ ಬಂದದ್ದು ತಡವಾಗಿ, ಹಳೆಯ ಕರ್ನೆಲ್ ಇರುವ ಫೋನುಗಳಲ್ಲಿ ಅದು ಅರೆಬರೆಯಾಗಿ ನಡೆಯಬಹುದು. ಯುಎಸ್‌ಬಿ 2ರ ಫೋನಿಗಂತೂ 2.5 ಗಿಗಾಬಿಟ್ ಅಡಾಪ್ಟರ್ ಕೊಳ್ಳುವುದು ದುಡ್ಡು ದಂಡ.

ಅಗ್ಗದ ಅಡಾಪ್ಟರುಗಳಲ್ಲಿ ಒಂದು ವಿಚಿತ್ರ ದೋಷ ಕಾಣುತ್ತದೆ. ವಿಂಡೋಸ್ ಬಳಕೆದಾರರಿಗೆ ಅನುಕೂಲವಾಗಲೆಂದು ಅವು ಮೊದಲು ಡ್ರೈವರ್ ತುಂಬಿದ ಸಿಡಿಯಂತೆ ವೇಷ ಹಾಕಿ ಬರುತ್ತವೆ. ಕಂಪ್ಯೂಟರ್ ಆ ಡ್ರೈವರ್ ಹಾಕಿಕೊಂಡ ಮೇಲೆ ನಿಜರೂಪಕ್ಕೆ ತಿರುಗುತ್ತವೆ. ಹಾಗೆ ತಿರುಗಿಸುವ ವ್ಯವಸ್ಥೆ ಫೋನಿನಲ್ಲಿಲ್ಲ. ಈಥರ್ನೆಟ್ ಅಡಾಪ್ಟರ್ ಸಿಕ್ಕಿಸಿದಾಗ ಫೋನು "ಯುಎಸ್‌ಬಿ ಡ್ರೈವ್ ಸೇರಿದೆ" ಎಂಬಂಥ ಸೂಚನೆ ಕೊಟ್ಟರೆ ನಿಮ್ಮ ಕೈಯಲ್ಲಿರುವುದು ಈ ಜಾತಿಯದು. ಅದನ್ನು ಹಿಂದಿರುಗಿಸಿ.

ಕೊನೆಯ ಮೆಟ್ಟಿಲು ವಿಳಾಸದ್ದು. ಐಫೋನಿನಲ್ಲಿ ಅಡಾಪ್ಟರ್ ಸಿಕ್ಕಿಸಿದಾಗ ಸೆಟ್ಟಿಂಗ್ಸ್ ಒಳಗೆ `Ethernet` ಎಂಬ ಸಾಲು ಹೊಸದಾಗಿ ಮೂಡುತ್ತದೆ. ಅದರೊಳಗೆ ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ಫೋನು ಕೇಳಿದೆ, ರೂಟರ್ ಉತ್ತರಿಸಿಲ್ಲ ಎಂದರ್ಥ. ತಂತಿ ಅಥವಾ ರೂಟರಿನ ಪೋರ್ಟನ್ನು ಬದಲಿಸಿ ನೋಡಬೇಕು. ಆಂಡ್ರಾಯ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಳಾಸ ಸಿಕ್ಕ ಮೇಲೂ ಗೂಗಲ್ಲಿನ ಒಂದು ಪುಟವನ್ನು ಕೇಳಿ ನಿಜವಾಗಿ ಇಂಟರ್ನೆಟ್ ಇದೆಯೇ ಎಂದು ಪರೀಕ್ಷಿಸುತ್ತದೆ. ಅದರಲ್ಲಿ ಸೋತರೆ ತಂತಿ ಇದ್ದೂ ಫೋನು ವೈಫೈಯನ್ನೋ ಮೊಬೈಲ್ ಡೇಟಾವನ್ನೋ ಬಳಸುತ್ತಿರುತ್ತದೆ. ತಂತಿಯೇ ಕೆಲಸ ಮಾಡುತ್ತಿದೆ ಎಂದು ಖಚಿತಪಡಿಸಿಕೊಳ್ಳಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಆಗಿದೆಯೇ ನೋಡಿ, ಆಮೇಲೆ ಒಂದು ಹೊಸ ಪುಟ ತೆರೆಯಿರಿ. ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಬೇರೆ ಬೇಕಿಲ್ಲ.

## ಮುಟ್ಟಬಾರದ ಒಂದು ಸ್ವಿಚ್

ಆಂಡ್ರಾಯ್ಡ್‌ನಲ್ಲಿ ಅಡಾಪ್ಟರ್ ಸಿಕ್ಕಿಸಿದ ಕೂಡಲೇ ಹಾಟ್‌ಸ್ಪಾಟ್ ಪುಟದಲ್ಲಿ `Ethernet tethering` ಎಂಬ ಸ್ವಿಚ್ ಜೀವ ಪಡೆಯುತ್ತದೆ. ಹೆಸರು ನೋಡಿ ತಂತಿಯ ಇಂಟರ್ನೆಟ್ ಬರಲು ಇದನ್ನೇ ಒತ್ತಬೇಕೆಂದು ಎಷ್ಟೋ ಜನ ತಿಳಿಯುತ್ತಾರೆ. ಅದರ ಕೆಲಸ ಪೂರ್ತಿ ತಿರುವುಮುರುವು. ಅದು ಫೋನಿನ ಮೊಬೈಲ್ ಡೇಟಾವನ್ನು ತಂತಿಯ ಮೂಲಕ ಬೇರೆಯವರಿಗೆ ಹಂಚುತ್ತದೆ.

ರೂಟರಿಗೆ ಸೇರಿದ ತಂತಿಯ ಮೇಲೆ ಅದನ್ನು ಆನ್ ಮಾಡಿದರೆ ಫೋನು ತಾನೇ ಐಪಿ ವಿಳಾಸ ಹಂಚುವ ಸರ್ವರ್ ಆಗುತ್ತದೆ. ಆಗ ಒಂದೇ ಜಾಲದಲ್ಲಿ ವಿಳಾಸ ಕೊಡುವವರು ಇಬ್ಬರು. ಅದೇ ಹೊತ್ತಿಗೆ ಜಾಲಕ್ಕೆ ಸೇರುವ ಟಿವಿಯೋ ಲ್ಯಾಪ್‌ಟಾಪೋ ಯಾರ ಉತ್ತರ ಮೊದಲು ಬಂದರೆ ಅದನ್ನೇ ಹಿಡಿಯುತ್ತದೆ. ಫೋನಿನ ಉತ್ತರ ಹಿಡಿದ ಸಾಧನದ ದಟ್ಟಣೆಯೆಲ್ಲ ನಿಮ್ಮ ಮೊಬೈಲ್ ಡೇಟಾದಿಂದ ಖರ್ಚಾಗುತ್ತದೆ. ತಂತಿ ಹಾಕಿದ ಮೇಲೆ ಫೋನಿಗೆ ನೆಟ್ ಬರಲಿಲ್ಲ, ಉಳಿದ ಸಾಧನಗಳೂ ಕೆಟ್ಟವು ಎಂದು ಕಂಡರೆ ಮೊದಲು ಈ ಸ್ವಿಚ್ ಆಫ್ ಮಾಡಿ, ಆಮೇಲೆ ಕೆಟ್ಟ ಸಾಧನಗಳನ್ನು ಒಮ್ಮೆ ಜಾಲದಿಂದ ತೆಗೆದು ಮತ್ತೆ ಸೇರಿಸಿ.

## ಪೋರ್ಟು ಒಂದೇ, ಚಾರ್ಜ್ ಮಾಡುವುದು ಹೇಗೆ?

ಅಡಾಪ್ಟರ್ ಬದುಕುವುದು ಫೋನಿನ ಬ್ಯಾಟರಿಯ ಮೇಲೆ. ಗಿಗಾಬಿಟ್ ಚಿಪ್ಪು 5 ವೋಲ್ಟಿನಲ್ಲಿ 200 ಮಿಲಿಆಂಪಿಯರ್ ಎಳೆಯಿತು ಎಂದಿಟ್ಟುಕೊಂಡರೆ ಅದು 1 ವ್ಯಾಟ್. 5,000 ಎಂಎಎಚ್ ಬ್ಯಾಟರಿಯಲ್ಲಿರುವ ಶಕ್ತಿ ಸುಮಾರು 19 ವ್ಯಾಟ್-ಗಂಟೆ. ವೋಲ್ಟೇಜ್ ಏರಿಸುವಾಗಿನ ನಷ್ಟವನ್ನೂ ಸೇರಿಸಿದರೆ ಗಂಟೆಗೆ ಶೇ 5ರಿಂದ 6ರಷ್ಟು ಚಾರ್ಜ್ ಅಡಾಪ್ಟರಿಗೇ ಹೋಗುತ್ತದೆ. ಒಂದು ಕರೆಗೆ ಅಡ್ಡಿಯಿಲ್ಲ, ಮೂರು ಗಂಟೆಯ ನೇರಪ್ರಸಾರಕ್ಕೆ ಇದು ದೊಡ್ಡ ಮೊತ್ತ.

ಆದ್ದರಿಂದ ದೀರ್ಘ ಕೆಲಸಕ್ಕೆ ಪವರ್ ಡೆಲಿವರಿ ಒಳಹರಿವಿನ ಪೋರ್ಟು ಇರುವ ಅಡಾಪ್ಟರ್ ಬೇಕು. ಅದರಲ್ಲಿ ಫೋನು ದತ್ತಾಂಶದ ವಿಷಯದಲ್ಲಿ ಯಜಮಾನನಾಗಿದ್ದುಕೊಂಡೇ ವಿದ್ಯುತ್ತಿನ ವಿಷಯದಲ್ಲಿ ಪಡೆಯುವವನಾಗಬೇಕು. ಈ ಪಾತ್ರ ಬದಲಾವಣೆಯನ್ನು ಎರಡೂ ಕಡೆಯವು ಮಾತಾಡಿಕೊಂಡೇ ಮಾಡುತ್ತವೆ, ಆದರೆ ಚಾರ್ಜರನ್ನು ಹಾಕುವ ಅಥವಾ ಕೀಳುವ ಕ್ಷಣದಲ್ಲಿ ಬಹಳಷ್ಟು ಅಡಾಪ್ಟರುಗಳಿಗೆ ವಿದ್ಯುತ್ ತಪ್ಪಿ, ಈಥರ್ನೆಟ್ ಕಡಿದು ಕೆಲವು ಸೆಕೆಂಡಿನ ನಂತರ ಮತ್ತೆ ಸೇರುತ್ತದೆ. ನೇರಪ್ರಸಾರ ನಿಲ್ಲಲು ಅಷ್ಟು ಸಾಕು. ಮೊದಲು ಚಾರ್ಜರನ್ನು ಅಡಾಪ್ಟರಿಗೆ, ನಂತರ ಈಥರ್ನೆಟ್ ತಂತಿಯನ್ನು, ಕೊನೆಗೆ ಫೋನನ್ನು ಸೇರಿಸಿ, ಕೆಲಸ ಮುಗಿಯುವವರೆಗೆ ಚಾರ್ಜರಿನ ತಂಟೆಗೆ ಹೋಗದಿದ್ದರೆ ಈ ತೊಂದರೆ ಬರುವುದಿಲ್ಲ.

## ರೂಟರ್ ಕಣ್ಣಿಗೆ ಇದು ಬೇರೆಯೇ ಸಾಧನ

ಒಂದೇ ಅಡಾಪ್ಟರ್ ಎಲ್ಲ ಸಾಧನಗಳಿಗೂ ಕೂರುವುದರಿಂದ ಹುಟ್ಟುವ ಒಂದು ತೊಡಕನ್ನು ಕೆಲವರೇ ಗಮನಿಸುತ್ತಾರೆ. ಜಾಲದಲ್ಲಿ ಸಾಧನವನ್ನು ಗುರುತಿಸುವ ಮ್ಯಾಕ್ ವಿಳಾಸ ಇಲ್ಲಿ ಫೋನಿನದ್ದಲ್ಲ, ಸಾಮಾನ್ಯವಾಗಿ ಅಡಾಪ್ಟರಿನದ್ದು. ಫೋನಿನ ವೈಫೈ ವಿಳಾಸಕ್ಕೆ ರೂಟರಿನಲ್ಲಿ ಕಾಯ್ದಿರಿಸಿದ ಐಪಿ, ಆಟಕ್ಕೆಂದು ಕೊಟ್ಟ ಆದ್ಯತೆ, ಮಕ್ಕಳಿಗೆ ಹಾಕಿದ ಸಮಯದ ಮಿತಿ, ಇವು ಯಾವುವೂ ತಂತಿಗೆ ಅನ್ವಯಿಸುವುದಿಲ್ಲ. ರಾತ್ರಿ ಹತ್ತಕ್ಕೆ ವೈಫೈ ನಿಲ್ಲುವ ಮಗುವಿನ ಫೋನು ಅಡಾಪ್ಟರ್ ಸಿಕ್ಕಿಸಿದೊಡನೆ ಮತ್ತೆ ಇಂಟರ್ನೆಟ್ಟಿಗೆ ಹೋಗುತ್ತದೆ. ಅದೇ ಅಡಾಪ್ಟರನ್ನು ಫೋನಿನಿಂದ ಕಿತ್ತು ಲ್ಯಾಪ್‌ಟಾಪಿಗೆ ಹಾಕಿದರೆ ರೂಟರಿಗೆ ಎರಡೂ ಒಂದೇ ಸಾಧನವಾಗಿ ಕಂಡು ಅದೇ ಐಪಿ ವಿಳಾಸ ಸಿಗುವ ಸಂಭವ ಹೆಚ್ಚು. ನಿಯಮಗಳನ್ನು ಬಳಸುವವರು ಅಡಾಪ್ಟರಿನ ಮ್ಯಾಕ್ ವಿಳಾಸವನ್ನೂ ರೂಟರಿನ ಪಟ್ಟಿಗೆ ಸೇರಿಸಬೇಕು. ಅದು ಅನೇಕ ಅಡಾಪ್ಟರುಗಳ ಹಿಂಬದಿಯಲ್ಲಿ, ಎರಡೆರಡು ಅಕ್ಷರಗಳ ಆರು ಗುಂಪುಗಳಾಗಿ ಅಚ್ಚಾಗಿರುತ್ತದೆ.